ಒಂದು ಲೀಟರ್ ಜೇನು ಎಷ್ಟು ಕಿಲೋ? ಭರಣಿ ತುಂಬುವ ಮೊದಲು ಹಾಕಬೇಕಾದ ಲೆಕ್ಕ

ಕಳೆದ ಮಾರ್ಚ್ ತಿಂಗಳಲ್ಲಿ ಪೆರ್ಲದ ಬಳಿಯ ನಮ್ಮ ಮನೆಯ ಜಗಲಿಯಲ್ಲಿ 120 ಖಾಲಿ ಗಾಜಿನ ಭರಣಿಗಳು ಸಾಲಾಗಿ ಕುಳಿತಿದ್ದವು. ಅರ್ಧ ಕಿಲೋ ಜೇನಿಗೆಂದು ನಾನೇ ಲೆಕ್ಕ ಹಾಕಿ ತರಿಸಿದ್ದು. ಜೇನು ಒಂದು ಲೀಟರಿಗೆ 1.42 ಕಿಲೋ ತೂಗುತ್ತದೆ ಎಂದು ಎಲ್ಲೋ ಓದಿದ್ದೆ. 500ನ್ನು 1.42ರಿಂದ ಭಾಗಿಸಿದರೆ 352 ಮಿಲಿಲೀಟರ್ ಬರುತ್ತದೆ. ಭರಣಿ ಕಂಠದವರೆಗೆ 355 ಮಿಲಿಲೀಟರ್ ಹಿಡಿಯುತ್ತಿತ್ತು. ಸರಿಯಾಯಿತು, ಮೂರು ಮಿಲಿಲೀಟರ್ ಜಾಗವೂ ಉಳಿಯಿತು ಎಂದುಕೊಂಡೆ. ಮೊದಲ ಭರಣಿಯನ್ನು ತೂಕದ ಯಂತ್ರದ ಮೇಲಿಟ್ಟು ಜೇನು ಸುರಿಯತೊಡಗಿದೆ. ಜೇನು ಕಂಠಕ್ಕೆ ಬಂದು ಉಬ್ಬಿ ನಿಂತಾಗ ಯಂತ್ರ ತೋರಿಸಿದ್ದು 491 ಗ್ರಾಂ. ಇನ್ನೊಂದು ಹನಿ ಹಾಕಿದ್ದರೆ ಹೊರಗೆ ಚೆಲ್ಲುತ್ತಿತ್ತು. ಲೇಬಲ್ ಮಾತ್ರ 500 ಗ್ರಾಂ ಎಂದು ಮುದ್ರಣವಾಗಿ ಬಂದಿತ್ತು.

ಭಾಗಾಕಾರದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು 1.42 ಎಂಬ ಸಂಖ್ಯೆಯಲ್ಲಿ. ಅದು ಒಣ ಊರಿನ ಗಟ್ಟಿ ಜೇನಿನ ಸಂಖ್ಯೆ. ರಬ್ಬರ್ ತೋಟದ ನಡುವೆ, ಸಮುದ್ರದ ತೇವ ಗಾಳಿಯಲ್ಲಿ ತುಡುವೆ ನೊಣ ಕೂಡಿಟ್ಟ ಜೇನಿಗೆ ಅದು ಹೊಂದುವುದಿಲ್ಲ. ಹಾಗಾಗಿ ಈ ಬರಹದಲ್ಲಿ ನಿಮಗೆ ಒಂದು ಸಿದ್ಧ ಸಂಖ್ಯೆಯನ್ನು ಕೊಟ್ಟು ಕಳುಹಿಸುವುದಿಲ್ಲ. ನಿಮ್ಮ ಪಾತ್ರೆಯಲ್ಲಿರುವ ಜೇನಿನ ಸಂಖ್ಯೆಯನ್ನು ನೀವೇ ಅಳೆಯುವುದು ಹೇಗೆ, ಅಳೆದ ಮೇಲೆ ಎಷ್ಟು ದೊಡ್ಡ ಭರಣಿ ಬೇಕು, ಎಷ್ಟು ಭರಣಿ ಬೇಕು ಎಂದು ಕಂಡುಕೊಳ್ಳುವುದು ಹೇಗೆ ಎಂಬುದನ್ನು ಬರೆಯುತ್ತೇನೆ. ಕೊನೆಗೆ ಬೆಲ್ಲದ ಪಾಕದ ವಿಷಯ. ಅದನ್ನು ಬಿಸಿಯಾಗಿರುವಾಗಲೇ ತುಂಬುವುದರಿಂದ ಅದರ ಲೆಕ್ಕ ಸ್ವಲ್ಪ ಬೇರೆ.

ಕುಪ್ಪಿಯ ಲೆಕ್ಕ

ನಮ್ಮ ಕಡೆ ಜೇನನ್ನು ಬಹಳ ಕಾಲ ಕುಪ್ಪಿಯಲ್ಲೇ ಮಾರುತ್ತಿದ್ದರು, ಈಗಲೂ ಮಾರುವವರಿದ್ದಾರೆ. ಬ್ರಾಂದಿಯ ಖಾಲಿ ಕುಪ್ಪಿಯನ್ನು ಬೂದಿ ಹಾಕಿ ತೊಳೆದು, ಒಣಗಿಸಿ, ಜೇನು ತುಂಬಿ, ಬಾಯಿಗೆ ಬಿರಡೆ ಹಾಕಿದರೆ ಅದು ಒಂದು ಕಿಲೋ ಎಂದು ಲೆಕ್ಕ. ಯಾವ ತಕ್ಕಡಿಯೂ ಇಲ್ಲದೆ ಹುಟ್ಟಿದ ಈ ಲೆಕ್ಕ ಆಶ್ಚರ್ಯ ಪಡುವಷ್ಟು ಸರಿಯಾಗಿದೆ. ಆ ಕುಪ್ಪಿ 750 ಮಿಲಿಲೀಟರಿನದು. ನಮ್ಮ ಜೇನು ಲೀಟರಿಗೆ 1.38 ಕಿಲೋ ಎಂದಿಟ್ಟುಕೊಂಡರೆ 750 ಮಿಲಿಲೀಟರಿಗೆ 1,035 ಗ್ರಾಂ. ಕಿಲೋ ಕೊಟ್ಟು ಮೇಲೆ ಒಂದು ಚಮಚ ಕೊಸರು ಕೊಟ್ಟ ಹಾಗೆ. ಆದರೆ ಅದೇ ಬಾಯಿಲೆಕ್ಕವನ್ನು 650 ಮಿಲಿಲೀಟರಿನ ಬಿಯರ್ ಕುಪ್ಪಿಗೆ ಅನ್ವಯಿಸಿದರೆ ಸಿಗುವುದು ಸುಮಾರು 900 ಗ್ರಾಂ ಮಾತ್ರ. ಎರಡೂ ಕುಪ್ಪಿಗಳು ದೂರದಿಂದ ನೋಡಿದರೆ ಒಂದೇ ಎತ್ತರ. ಮೋಸ ಮಾಡುವ ಮನಸ್ಸು ಯಾರಿಗೂ ಇಲ್ಲದೆ ನೂರು ಗ್ರಾಂ ಮಾಯವಾಗುವುದು ಹೀಗೆ.

ಈ ಲೆಕ್ಕದ ಒಳಗಿರುವುದು ಒಂದೇ ಸಂಗತಿ: ಒಂದು ಲೀಟರಿನ ತೂಕ. ಪಠ್ಯಪುಸ್ತಕ ಅದನ್ನು ಸಾಂದ್ರತೆ ಎನ್ನುತ್ತದೆ. ಲೀಟರ್ ಗೊತ್ತಿದ್ದು ಕಿಲೋ ಬೇಕಾದರೆ ಸಾಂದ್ರತೆಯಿಂದ ಗುಣಿಸಬೇಕು. ಕಿಲೋ ಗೊತ್ತಿದ್ದು ಲೀಟರ್ ಬೇಕಾದರೆ ಸಾಂದ್ರತೆಯಿಂದ ಭಾಗಿಸಬೇಕು. ಅವಸರದಲ್ಲಿ ಗುಣಿಸುವಲ್ಲಿ ಭಾಗಿಸಿ ಎಡವಟ್ಟು ಮಾಡಿಕೊಳ್ಳುವುದು ಎಲ್ಲರಿಗೂ ಆಗುತ್ತದೆ. ಅದನ್ನು ಹಿಡಿಯುವುದು ಸುಲಭ: ಜೇನು, ಪಾಕ ಎರಡೂ ನೀರಿಗಿಂತ ಭಾರ, ಆದ್ದರಿಂದ ಕಿಲೋದ ಸಂಖ್ಯೆ ಯಾವಾಗಲೂ ಲೀಟರಿನ ಸಂಖ್ಯೆಗಿಂತ ದೊಡ್ಡದಿರಬೇಕು. 10 ಲೀಟರ್ ಜೇನಿಗೆ 7 ಕಿಲೋ ಎಂದು ಉತ್ತರ ಬಂದರೆ ತಿರುಗಿಸಿ ಹಾಕಿದ್ದೀರಿ ಎಂದರ್ಥ.

ಜೇನು ಕೊಳ್ಳುವಾಗಲೂ ಇದು ಬೇಕಾಗುತ್ತದೆ. ಒಬ್ಬರು ಲೀಟರಿಗೆ 700 ರೂಪಾಯಿ ಎನ್ನುತ್ತಾರೆ, ಇನ್ನೊಬ್ಬರು ಕಿಲೋಗೆ 560 ಎನ್ನುತ್ತಾರೆ ಎಂದುಕೊಳ್ಳಿ. ಎರಡನೆಯದು ಅಗ್ಗವೆಂದು ಕಾಣುತ್ತದೆ. 700ನ್ನು 1.39ರಿಂದ ಭಾಗಿಸಿ ನೋಡಿದರೆ ಮೊದಲನೆಯವರ ಜೇನು ಕಿಲೋಗೆ ಸುಮಾರು 504 ರೂಪಾಯಿಗೆ ಬೀಳುತ್ತದೆ.

ಸಂಖ್ಯೆ ಬದಲಾಗುವುದು ನೀರಿನಿಂದ

ಜೇನು ಎಂದರೆ ಬಹುಪಾಲು ಸಕ್ಕರೆ, ಉಳಿದದ್ದು ನೀರು. ನೀರು ಹೆಚ್ಚಿದಷ್ಟೂ ಲೀಟರಿನ ತೂಕ ಇಳಿಯುತ್ತದೆ. ನಮ್ಮ ಕೋಣೆಯ ಸಾಮಾನ್ಯ ಶಾಖ, ಅಂದರೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹೆಚ್ಚು ಕಡಿಮೆ ಹೀಗಿರುತ್ತದೆ:

ನೀರಿನ ಅಂಶ ಶೇಕಡಾ 18 ಇದ್ದರೆ ಲೀಟರಿಗೆ 1.41 ಕಿಲೋ
ಶೇಕಡಾ 20 ಇದ್ದರೆ 1.39 ಕಿಲೋ
ಶೇಕಡಾ 22 ಇದ್ದರೆ 1.38 ಕಿಲೋ
ಶೇಕಡಾ 25 ಇದ್ದರೆ 1.36 ಕಿಲೋ

ಮುಚ್ಚಳ ಕಟ್ಟಿದ ಎರಿಯಿಂದ, ಬಿಸಿಲು ಕಾದ ತಿಂಗಳಲ್ಲಿ ತೆಗೆದ ತುಡುವೆ ಜೇನು ಈ ಪಟ್ಟಿಯ ಮೇಲ್ಭಾಗದಲ್ಲಿರುತ್ತದೆ. ನೊಣ ಮುಚ್ಚಳ ಕಟ್ಟುವ ಮೊದಲೇ ಅವಸರ ಮಾಡಿ ತೆಗೆದದ್ದು ಕೆಳಕ್ಕೆ ಜಾರುತ್ತದೆ. ಕುಟುಕದ ಪುಟ್ಟ ನೊಣವಾದ ಮುಜಂಟಿಯ ಜೇನು ಸ್ವಭಾವದಲ್ಲೇ ತೆಳು. ಅದರಲ್ಲಿ ನೀರು ಶೇಕಡಾ 25 ದಾಟುವುದು ಸಹಜ, ಹಾಗಾಗಿ ತುಡುವೆ ಜೇನಿನ ಲೆಕ್ಕವನ್ನು ಅದಕ್ಕೆ ಹಾಕಲೇಬಾರದು.

ಭಾರತದ ಆಹಾರ ಸುರಕ್ಷತಾ ಮಾನದಂಡದಲ್ಲಿ ಜೇನಿನ ತೇವಾಂಶಕ್ಕೆ ಶೇಕಡಾ 20ರ ಮಿತಿ ಇದೆ. ಅಂದರೆ ನೀವು ಲೀಟರಿನ ತೂಕ ಅಳೆಯುವಾಗಲೇ ಇನ್ನೊಂದು ಪರೀಕ್ಷೆಯೂ ಪುಕ್ಕಟೆಯಾಗಿ ಆಗಿಹೋಗುತ್ತದೆ: 30 ಡಿಗ್ರಿಯಲ್ಲಿ ಲೀಟರಿನ ತೂಕ 1.39 ಕಿಲೋಗಿಂತ ಕೆಳಗೆ ಬಂದರೆ ಆ ಜೇನು ಮಿತಿಯನ್ನು ಮೀರಿದೆ, ಭರಣಿಯೊಳಗೆ ಹುಳಿ ಬಂದು ಮುಚ್ಚಳ ಎತ್ತುವ ಸಾಧ್ಯತೆಯೂ ಇದೆ. ಇದು ಬರೀ ಸೂಚನೆ. ನಿಖರವಾಗಿ ಬೇಕಾದರೆ ಒಂದು ಹನಿಯಲ್ಲಿ ತೇವಾಂಶ ತೋರಿಸುವ ರಿಫ್ರಾಕ್ಟೋಮೀಟರ್ ಬೇಕು.

ಶಾಖದಿಂದಲೂ ಲೀಟರಿನ ತೂಕ ವ್ಯತ್ಯಾಸವಾಗುತ್ತದೆ, ಆದರೆ ಕೋಣೆಯ ಶಾಖದಲ್ಲಿ ಅದು ಅಲ್ಪ. ಹತ್ತು ಡಿಗ್ರಿ ಏರಿದರೆ ಶೇಕಡಾ ಅರ್ಧದಷ್ಟು ಇಳಿಯುತ್ತದೆ, ಅಷ್ಟೆ. ಜೇನಿಗೆ ಇದನ್ನು ಮರೆತರೂ ನಡೆಯುತ್ತದೆ, ಪಾಕಕ್ಕೆ ನಡೆಯುವುದಿಲ್ಲ.

ಬ್ರಾಂದಿ ಕುಪ್ಪಿಯಲ್ಲೇ ಅಳತೆ

ಸಾಂದ್ರತೆ ಅಳೆಯಲು ಪ್ರಯೋಗಾಲಯದ ಸಲಕರಣೆ ಬೇಡ. ಒಂದು 750 ಮಿಲಿಲೀಟರ್ ಕುಪ್ಪಿ, ಒಂದು ಗ್ರಾಂವರೆಗೆ ತೋರಿಸುವ 5 ಕಿಲೋ ಸಾಮರ್ಥ್ಯದ ಎಲೆಕ್ಟ್ರಾನಿಕ್ ತೂಕದ ಯಂತ್ರ, ಒಂದು ಲಾಳಿಕೆ ಇದ್ದರೆ ಸಾಕು. ಅಳತೆಯ ಮಗ್ ಯಾಕೆ ಬೇಡ ಎಂದು ನನ್ನ ಭಾವ ಕೇಳಿದ್ದರು. ಮಗ್‌ನ ಬಾಯಿ ಅಗಲ. ಅಲ್ಲಿ ಒಂದು ಮಿಲಿಮೀಟರ್ ಎತ್ತರ ತಪ್ಪಾಗಿ ಓದಿದರೆ ಎಂಟು ಹತ್ತು ಮಿಲಿಲೀಟರ್ ಹೋಯಿತು. ಕುಪ್ಪಿಯ ಕೊರಳು ಸಪೂರ. ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಅರ್ಧ ಮಿಲಿಲೀಟರೂ ಆಗುವುದಿಲ್ಲ. ಮಗ್‌ನ ಮೇಲೆ ಅಚ್ಚೊತ್ತಿದ ಗೆರೆಗಳನ್ನು ನಾನು ನಂಬುವುದೂ ಇಲ್ಲ.

ಮೊದಲು ಕುಪ್ಪಿಯನ್ನು ಚೆನ್ನಾಗಿ ಒಣಗಿಸಿ. ತಳದಲ್ಲಿ ಉಳಿದ ಒಂದು ಚಮಚ ನೀರು ಐದು ಗ್ರಾಂ ತೂಗುತ್ತದೆ, ಜೇನನ್ನೂ ತೆಳು ಮಾಡುತ್ತದೆ. ಖಾಲಿ ಕುಪ್ಪಿಯನ್ನು ತೂಗಿ ಬರೆದುಕೊಳ್ಳಿ. ನನ್ನ ಕುಪ್ಪಿ 462 ಗ್ರಾಂ.

ಕೊರಳಿನ ನಡುವೆ ಒಂದು ನೂಲು ಬಿಗಿದು ಕಟ್ಟಿ, ಜಾರದಂತೆ ಮೇಲೆ ಅಂಟುಪಟ್ಟಿ ಸುತ್ತಿ. ನೂಲಿನ ಮಟ್ಟಕ್ಕೆ ಸರಿಯಾಗಿ ಕುಡಿಯುವ ನೀರು ತುಂಬಿ. ಕಣ್ಣನ್ನು ನೂಲಿನ ಎತ್ತರಕ್ಕೆ ತಂದು ನೋಡಬೇಕು, ಮೇಲಿನಿಂದ ಬಗ್ಗಿ ನೋಡಿದರೆ ಮಟ್ಟ ತಪ್ಪಾಗಿ ಕಾಣುತ್ತದೆ. ಈಗ ತೂಗಿ. ನನಗೆ 1,209 ಗ್ರಾಂ ಬಂತು. ಖಾಲಿ ಕುಪ್ಪಿಯ 462 ಕಳೆದರೆ ನೀರು 747 ಗ್ರಾಂ. ನಮ್ಮ ಸೆಕೆಯಲ್ಲಿ ಒಂದು ಲೀಟರ್ ನೀರು ಪೂರ್ತಿ ಒಂದು ಕಿಲೋ ತೂಗುವುದಿಲ್ಲ, 996 ಗ್ರಾಂ ತೂಗುತ್ತದೆ. 747ನ್ನು 0.996ರಿಂದ ಭಾಗಿಸಿದರೆ 750. ಹಾಗಾದರೆ ನೂಲಿನವರೆಗೆ ಈ ಕುಪ್ಪಿ ಹಿಡಿಯುವುದು 750 ಮಿಲಿಲೀಟರ್. ಈ ಕೆಲಸ ಒಮ್ಮೆ ಮಾಡಿದರೆ ಆಯಿತು. ಕುಪ್ಪಿ ಒಡೆಯುವವರೆಗೂ ಆ ಎರಡು ಸಂಖ್ಯೆಗಳು ಬದಲಾಗುವುದಿಲ್ಲ. ಕುಪ್ಪಿಯ ಮೇಲೆಯೇ ಬರೆದಿಡಿ.

ನೀರನ್ನು ಚೆಲ್ಲಿ, ಕುಪ್ಪಿಯನ್ನು ಮತ್ತೆ ಒಂದು ದಿನ ಬಿಸಿಲಲ್ಲಿ ಒಣಗಿಸಿ, ನಂತರ ಜೇನು ತುಂಬಿ. ಇಲ್ಲಿ ತಾಳ್ಮೆ ಬೇಕು. ಯಂತ್ರದಲ್ಲಿ ತಿರುಗಿಸಿ ತೆಗೆದ ಜೇನಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳು ತುಂಬಿರುತ್ತವೆ. ಅಂಥ ಜೇನನ್ನು ಆ ದಿನವೇ ಅಳೆದರೆ ನೀವು ಗಾಳಿಯನ್ನೂ ಸೇರಿಸಿ ಅಳೆದಂತೆ. ಎತ್ತರದ ಪಾತ್ರೆಯಲ್ಲಿ ಬಟ್ಟೆ ಕಟ್ಟಿ ಎರಡು ದಿನ ಇಡಿ. ಗುಳ್ಳೆಗಳು, ಮೇಣದ ಚೂರುಗಳು ನೊರೆಯಾಗಿ ಮೇಲೆ ಬರುತ್ತವೆ. ನೊರೆ ತೆಗೆದು ಕೆಳಗಿನ ತಿಳಿ ಜೇನನ್ನೇ ಕುಪ್ಪಿಗೆ ಸುರಿಯಬೇಕು. ಲಾಳಿಕೆಯ ಪಕ್ಕದಲ್ಲಿ ಒಂದು ಸಪೂರ ಸ್ಟ್ರಾ ಇಳಿಬಿಟ್ಟರೆ ಒಳಗಿನ ಗಾಳಿ ಅದರ ಮೂಲಕ ಹೊರಬರುತ್ತದೆ. ಇಲ್ಲದಿದ್ದರೆ ಜೇನು ಕೊರಳಲ್ಲಿ ಬಿರಡೆಯಂತೆ ಕೂತು ಬಿಡುತ್ತದೆ. ನೂಲಿಗಿಂತ ಒಂದು ಬೆರಳು ಕೆಳಗೆ ನಿಲ್ಲಿಸಿ, ಬಾಯಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಗೋಡೆಗೆ ಅಂಟಿದ್ದು ಇಳಿದಿರುತ್ತದೆ, ಸುರಿಯುವಾಗ ಸಿಕ್ಕಿಕೊಂಡ ಗುಳ್ಳೆಗಳೂ ಮೇಲೆ ಬಂದಿರುತ್ತವೆ. ಆಮೇಲೆ ಚಮಚದಿಂದ ನೂಲಿನ ಮಟ್ಟಕ್ಕೆ ತಂದು, ಹೊರಗೆ ಸೋರಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕುಪ್ಪಿ ಒಣಗಿದ ಮೇಲೆ ತೂಗಿ.

ನನ್ನ ಜೇನಿಗೆ ಯಂತ್ರ ತೋರಿಸಿದ್ದು 1,501 ಗ್ರಾಂ. 462 ಕಳೆದರೆ ಜೇನು 1,039 ಗ್ರಾಂ. ಅದನ್ನು 750ರಿಂದ ಭಾಗಿಸಿದರೆ 1.385. ಭರಣಿ 491ಕ್ಕೆ ತುಂಬಿದ್ದೇಕೆ ಎಂಬುದಕ್ಕೆ ಉತ್ತರ ಸಿಕ್ಕಿತು: 355ನ್ನು 1.385ರಿಂದ ಗುಣಿಸಿದರೆ 491.7.

ಅಳತೆ ತಪ್ಪಿದೆಯೇ ಎಂದು ತಿಳಿಯುವ ದಾರಿಯೂ ಇದೆ. ತುಡುವೆ ಜೇನಿಗೆ ಉತ್ತರ 1.35ಕ್ಕಿಂತ ಕೆಳಗೆ ಬಂದರೆ ಒಳಗೆ ಗಾಳಿ ಉಳಿದಿದೆ ಅಥವಾ ಜೇನು ತೀರಾ ನೀರಾಗಿದೆ. ಕುಪ್ಪಿಯನ್ನು ಇನ್ನೊಂದು ದಿನ ಬಿಟ್ಟು ನೋಡಿ. ಮಟ್ಟ ಇಳಿದಿದ್ದರೆ ಗಾಳಿ, ಇಳಿಯದಿದ್ದರೆ ನೀರು. 1.45 ದಾಟಿದರೆ ತೂಕ ಬರೆದುಕೊಳ್ಳುವಾಗಲೇ ಎಲ್ಲೋ ತಪ್ಪಿದ್ದೀರಿ. ಅಷ್ಟು ಗಟ್ಟಿ ಜೇನು ನಮ್ಮ ಹವೆಯಲ್ಲಿ ಸಿಗುವುದಿಲ್ಲ.

24 ಲೀಟರ್ ಜೇನು, ಎಷ್ಟು ಭರಣಿ?

ಪಾತ್ರೆಯಲ್ಲಿದ್ದದ್ದು ತಿಳಿಯಾದ 24 ಲೀಟರ್. 1.385ರಿಂದ ಗುಣಿಸಿದರೆ 33.2 ಕಿಲೋ. ಆದರೆ 1.385 ಎಂದರೆ ನೀರು ಮಿತಿಗಿಂತ ಹೆಚ್ಚು. ಪರಿಚಯದ ಜೇನು ಕೃಷಿಕರೊಬ್ಬರ ರಿಫ್ರಾಕ್ಟೋಮೀಟರಿನಲ್ಲಿ ನೋಡಿದಾಗ ಶೇಕಡಾ 21 ತೋರಿಸಿತು. ಹಾಗೆಯೇ ತುಂಬುವಂತಿರಲಿಲ್ಲ. ಅಗಲ ಬಾಯಿಯ ಸ್ಟೀಲ್ ಪಾತ್ರೆಯಲ್ಲಿ ಜೇನು ಹಾಕಿ, ಅದನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು, ಜೇನಿನ ಶಾಖ 45 ಡಿಗ್ರಿ ದಾಟದಂತೆ ಥರ್ಮಾಮೀಟರ್ ನೋಡುತ್ತ, ಪಕ್ಕದಲ್ಲಿ ಫ್ಯಾನ್ ಇಟ್ಟು ಮೆಲ್ಲಗೆ ಕೈಯಾಡಿಸುತ್ತ ನೀರು ಆರಿಸಿದೆವು. ಬೇಸಿಗೆಯ ಒಣ ಮಧ್ಯಾಹ್ನದಲ್ಲಿ ಇದು ಸಾಧ್ಯ. ಮಳೆಗಾಲದಲ್ಲಿ ಇದನ್ನು ಮಾಡಹೋದರೆ ಜೇನೇ ಗಾಳಿಯಿಂದ ನೀರು ಕುಡಿಯುತ್ತದೆ.

ಎಷ್ಟು ಆರಿಸಬೇಕು ಎಂಬುದನ್ನು ತೂಕದಿಂದಲೇ ತಿಳಿಯಬಹುದು. ಲೀಟರಿಗಿಂತ ಕಿಲೋ ನಂಬಿಕಸ್ಥ ಎನ್ನುವುದು ಇಂಥ ಕಡೆ. 33.2 ಕಿಲೋದಲ್ಲಿ ನೀರಲ್ಲದ್ದು ಶೇಕಡಾ 79, ಅಂದರೆ 26.2 ಕಿಲೋ. ಆ 26.2 ಕಿಲೋ ಎಲ್ಲೂ ಹೋಗುವುದಿಲ್ಲ, ಹೋಗುವುದು ನೀರು ಮಾತ್ರ. ನೀರನ್ನು ಶೇಕಡಾ 19.5ಕ್ಕೆ ಇಳಿಸಬೇಕಾದರೆ ಆ 26.2 ಕಿಲೋ ಒಟ್ಟಿನ ಶೇಕಡಾ 80.5 ಆಗಬೇಕು. 26.2ನ್ನು 0.805ರಿಂದ ಭಾಗಿಸಿದರೆ ಸುಮಾರು 32.6 ಕಿಲೋ. ಪಾತ್ರೆ ಸಮೇತದ ತೂಕ 600 ಗ್ರಾಂ ಇಳಿದಾಗ ನಿಲ್ಲಿಸಿದರೆ ಆಯಿತು. ಇಡೀ ಮಧ್ಯಾಹ್ನದ ದುಡಿಮೆಗೆ ಮುಕ್ಕಾಲು ಲೀಟರೂ ಅಲ್ಲದ ನೀರು! ತಣಿದ ಮೇಲೆ ಮತ್ತೆ ಕುಪ್ಪಿಯಲ್ಲಿ ಅಳೆದೆ: 1,510 ಗ್ರಾಂ. 462 ಕಳೆದು 1,048, ಅಂದರೆ ಲೀಟರಿಗೆ 1.397.

ಈಗ ಭರಣಿಯ ಪ್ರಶ್ನೆ. 500ನ್ನು 1.397ರಿಂದ ಭಾಗಿಸಿದರೆ 358 ಮಿಲಿಲೀಟರ್. ನೀರು ಆರಿಸಿದ ಮೇಲೂ 355ರ ಭರಣಿ ಸಾಲದು. ಸಾಕಾಗಿದ್ದರೂ ಕಂಠಮಟ್ಟ ತುಂಬುವುದು ಬುದ್ಧಿವಂತಿಕೆಯಲ್ಲ. ಮುಚ್ಚಳ ತಿರುಗಿಸುವಾಗ ಜೇನು ಅದರ ತಿರುಪಿಗೆ ಸೇರಿ ಅಂಟಿಕೊಳ್ಳುತ್ತದೆ, ಬಿಸಿಲಲ್ಲಿ ಸಾಗಿಸುವಾಗ ಹಿಗ್ಗಿ ಸೋರುತ್ತದೆ, ಇರುವೆಗಳಿಗೆ ಹಬ್ಬ. ನಾನು ಈಗ ಪಾಲಿಸುವ ರೂಢಿ ಏನೆಂದರೆ, ಲೆಕ್ಕಕ್ಕೆ ಬಂದ ಮಿಲಿಲೀಟರಿಗೆ ಅದರ ಹದಿನೈದರಲ್ಲಿ ಒಂದು ಪಾಲು ಸೇರಿಸುವುದು. 358ಕ್ಕೆ ಸುಮಾರು 24 ಸೇರಿಸಿದರೆ 382. ಅರ್ಧ ಕಿಲೋ ಜೇನಿಗೆ 380ರ ಆಸುಪಾಸಿನ ಭರಣಿ ಕೇಳಬೇಕು. ಅಂಗಡಿಯಲ್ಲಿ ಕೇಳುವಾಗ ‘ಅರ್ಧ ಕಿಲೋ ಜೇನಿನ ಭರಣಿ’ ಎನ್ನಬೇಡಿ. ಆ ಹೆಸರಿನಲ್ಲಿ 350 ಕೊಡುವವರೂ ಇದ್ದಾರೆ, 400 ಕೊಡುವವರೂ ಇದ್ದಾರೆ. ಮಿಲಿಲೀಟರ್ ಹೇಳಿ. ಅದು ಕಂಠದವರೆಗಿನ ಅಳತೆಯೋ, ತುಂಬುವ ಗೆರೆಯವರೆಗಿನದೋ ಎಂದು ಕೇಳಿ. ನೂರಾರು ತರಿಸುವ ಮೊದಲು ಒಂದನ್ನು ಮನೆಗೆ ತಂದು ನೀರು ತುಂಬಿ ತೂಗಿ ನೋಡಿ. ಎರಡು ನಿಮಿಷದ ಈ ಕೆಲಸವನ್ನು ನಾನು ಮಾಡಿರಲಿಲ್ಲ.

ಬಂದ 120 ಭರಣಿಗಳನ್ನು ಎಸೆಯಲಾಗುತ್ತದೆಯೇ? ಅವುಗಳನ್ನು 450 ಗ್ರಾಂಗೆ ಇಳಿಸಿದೆ. 450ನ್ನು 1.397ರಿಂದ ಭಾಗಿಸಿದರೆ 322 ಮಿಲಿಲೀಟರ್, ಮೇಲೆ 33 ಮಿಲಿಲೀಟರ್ ಖಾಲಿ. ಭರಣಿ ಹೊಟ್ಟೆ ತುಂಬಿದಂತೆಯೇ ಕಾಣುತ್ತಿತ್ತು. ಲೇಬಲ್ ಮಾತ್ರ ಹೊಸದಾಗಿ ಮುದ್ರಿಸಬೇಕಾಯಿತು, ದರವನ್ನೂ ಬದಲಿಸಬೇಕಾಯಿತು. 32.6 ಕಿಲೋವನ್ನು 0.45ರಿಂದ ಭಾಗಿಸಿದರೆ 72 ಭರಣಿ. ನಮಗೆ ಸಿಕ್ಕಿದ್ದು 71. ಉಳಿದ 650 ಗ್ರಾಂನಲ್ಲಿ ಸ್ವಲ್ಪ ಪಾತ್ರೆಗೆ, ಬಟ್ಟೆಗೆ ಅಂಟಿಹೋಯಿತು, ಮಿಕ್ಕದ್ದು ಮನೆಯ ದೋಸೆಗೆ. ಕಾಗದದ ಮೇಲಿನ ಲೆಕ್ಕಕ್ಕೆ ನೂರಕ್ಕೆ ಒಂದೆರಡು ಪಾಲು ಕಡಿಮೆ ಎಂದುಕೊಂಡೇ ಆರ್ಡರ್ ಒಪ್ಪಿಕೊಳ್ಳುವುದು ಒಳ್ಳೆಯದು.

ತುಂಬುವಾಗ ಯಂತ್ರವೇ ಗತಿ

ಇಷ್ಟೆಲ್ಲ ಲೆಕ್ಕ ಹಾಕಿದ್ದು ಭರಣಿಯ ಗಾತ್ರ, ಸಂಖ್ಯೆ, ದರ ತಿಳಿಯಲು. ತುಂಬುವ ಕೆಲಸವನ್ನು ಮಾತ್ರ ಲೀಟರಿನಲ್ಲಿ ಮಾಡಬೇಡಿ. 322 ಮಿಲಿಲೀಟರಿಗೆ ಗೆರೆ ಹಾಕಿದ ಲೋಟದಲ್ಲಿ ಅಳೆದು ಸುರಿದರೆ ಪ್ರತಿ ಸಲವೂ ಲೋಟದ ಗೋಡೆಗೆ ಜೇನು ಅಂಟಿ ಉಳಿಯುತ್ತದೆ. ಎಷ್ಟು ಉಳಿಯುತ್ತದೆ ಎಂಬುದು ನೀವು ಎಷ್ಟು ಹೊತ್ತು ಬಗ್ಗಿಸಿ ಹಿಡಿದಿರಿ ಎಂಬುದರ ಮೇಲೆ, ಅಂದರೆ ನಿಮ್ಮ ತಾಳ್ಮೆಯ ಮೇಲೆ ನಿಂತಿದೆ. ಸಂಜೆಯ ಭರಣಿಗಳು ಬೆಳಗಿನ ಭರಣಿಗಳಿಗಿಂತ ಹಗುರವಾಗುತ್ತವೆ. ಕಾನೂನು ಮಾಪನಶಾಸ್ತ್ರದ 2011ರ ಪೊಟ್ಟಣ ಸರಕು ನಿಯಮಗಳ ಪ್ರಕಾರವೂ ಜೇನಿನ ನಿವ್ವಳ ಪ್ರಮಾಣವನ್ನು ತೂಕದಲ್ಲೇ ನಮೂದಿಸಬೇಕು, ಮಿಲಿಲೀಟರಿನಲ್ಲಿ ಅಲ್ಲ.

ಖಾಲಿ ಭರಣಿಯನ್ನು ಯಂತ್ರದ ಮೇಲಿಟ್ಟು ಟೇರ್ ಗುಂಡಿ ಒತ್ತಿ ಸೊನ್ನೆ ಮಾಡಿ, ಜೇನು ಬಿಡಿ. ಒಂದು ಭರಣಿಯ ತೂಕ ನೋಡಿ ಉಳಿದವೂ ಅಷ್ಟೇ ಎಂದುಕೊಳ್ಳಬೇಡಿ. ನಾನು ಒಂದೇ ಪೆಟ್ಟಿಗೆಯ ಹತ್ತು ಭರಣಿ ತೂಗಿದಾಗ ಹಗುರವಾದದ್ದಕ್ಕೂ ಭಾರವಾದದ್ದಕ್ಕೂ ಎಂಟು ಗ್ರಾಂ ಅಂತರವಿತ್ತು. ಆದ್ದರಿಂದ ಪ್ರತಿ ಭರಣಿಗೂ ಟೇರ್ ಒತ್ತಬೇಕು. ಮುಚ್ಚಳವನ್ನು ಪಕ್ಕಕ್ಕಿಡಿ, ಯಂತ್ರದ ಮೇಲೆ ಬೇಡ. ಜೇನಿನ ಎಳೆ ಕಡಿಯುವುದು ನಿಧಾನ. 445ಕ್ಕೆ ನಲ್ಲಿ ಮುಚ್ಚಿದರೆ ಎಳೆ ಇಳಿದು 449, 450ಕ್ಕೆ ಬಂದು ನಿಲ್ಲುತ್ತದೆ. ನಾಲ್ಕೈದು ಭರಣಿ ತುಂಬುವಷ್ಟರಲ್ಲಿ ಕೈಗೆ ಹದ ಸಿಗುತ್ತದೆ. ನಾನು 452ಕ್ಕೆ ಗುರಿ ಇಡುತ್ತೇನೆ. ನಿಯಮದಲ್ಲಿ 300ರಿಂದ 500 ಗ್ರಾಂ ಪೊಟ್ಟಣಕ್ಕೆ ಶೇಕಡಾ 3ರ ವ್ಯತ್ಯಾಸಕ್ಕೆ ಅವಕಾಶವಿದೆ ನಿಜ, ಆದರೆ ಅದು ಅಪ್ಪಿತಪ್ಪಿ ಆದ ಕೊರತೆಗೆ. ಎಲ್ಲ ಭರಣಿಗಳ ಸರಾಸರಿ ಬರೆದ ತೂಕಕ್ಕಿಂತ ಇಳಿಯುವಂತಿಲ್ಲ.

ಬೆಲ್ಲದ ಪಾಕ: ಬಿಸಿಯ ಲೆಕ್ಕ

ಪಾಕದಲ್ಲಿ ಒಂದು ಅನುಕೂಲವಿದೆ. ಅದರ ಗಟ್ಟಿತನವನ್ನು ನೊಣ ನಿರ್ಧರಿಸುವುದಿಲ್ಲ, ನಾವೇ ನಿರ್ಧರಿಸುತ್ತೇವೆ. ಕರಗಿದ ಸಿಹಿಯ ಅಂಶ ಶೇಕಡಾ 65ಕ್ಕಿಂತ ಕಡಿಮೆಯಾದರೆ ಪಾಕ ಬೇಗ ಹುಳಿ ಬರುತ್ತದೆ, ಬೂಷ್ಟು ಕಟ್ಟುತ್ತದೆ. ಶೇಕಡಾ 75 ದಾಟಿದರೆ ಭರಣಿಯ ತಳದಲ್ಲಿ ಹರಳುಗಟ್ಟುತ್ತದೆ. ನಡುವಿನ 70 ನಮ್ಮ ಗುರಿ. ಅಂಥ ಪಾಕ ತಣಿದಾಗ ಲೀಟರಿಗೆ ಸುಮಾರು 1.34 ಕಿಲೋ ತೂಗುತ್ತದೆ.

10 ಕಿಲೋ ಅಚ್ಚು ಬೆಲ್ಲವನ್ನು 5 ಲೀಟರ್ ನೀರಿನಲ್ಲಿ ಕರಗಿಸಿ ಸೋಸಿದೆವು ಎನ್ನಿ. ಬೆಲ್ಲದಲ್ಲೂ ನೂರಕ್ಕೆ ಐದರಷ್ಟು ತೇವವಿರುತ್ತದೆ ಎಂದು ಬಿಟ್ಟರೆ ಸಿಹಿ 9.5 ಕಿಲೋ. ಅದು ಒಟ್ಟಿನ ಶೇಕಡಾ 70 ಆಗಬೇಕಾದರೆ ಪಾಕದ ತೂಕ ಸುಮಾರು 13.6 ಕಿಲೋಗೆ ಬರಬೇಕು. ಸೋಸಿದ ಬಟ್ಟೆಯಲ್ಲಿ ಉಳಿದ ಕಸ, ಮರಳನ್ನು ತೂಗಿ ಅಷ್ಟನ್ನು ಮೊದಲೇ ಕಳೆದುಕೊಳ್ಳಿ. ಕುದಿಯುವ ಉರುಳಿಯನ್ನು ಎತ್ತಿ ತೂಗುವ ಸಾಹಸ ಬೇಡ. ಥರ್ಮಾಮೀಟರ್ ಇಳಿಬಿಟ್ಟರೆ ಸಾಕು. ನೀರು ಕಡಿಮೆಯಾದಷ್ಟೂ ಕುದಿಯುವ ಶಾಖ ಏರುತ್ತದೆ, 105ರಿಂದ 106 ಡಿಗ್ರಿಗೆ ಬಂದಾಗ ಪಾಕ 70ರ ಹದದಲ್ಲಿರುತ್ತದೆ. ಅಚ್ಚು ಬೆಲ್ಲಕ್ಕೆ 118ರ ಹತ್ತಿರ ಹೋಗಬೇಕಾದ್ದರಿಂದ ಇಲ್ಲಿ ತುಂಬ ಮೊದಲೇ ಇಳಿಸಬೇಕು.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಪಾಕವನ್ನು ಬಿಸಿಯಾಗಿ, 85 ಡಿಗ್ರಿಯ ಹತ್ತಿರ, ಬೆಚ್ಚಗೆ ಮಾಡಿದ ಭರಣಿಗೆ ತುಂಬುತ್ತೇವೆ. ಆ ಶಾಖದಲ್ಲಿ ಅದು ಹಿಗ್ಗಿರುತ್ತದೆ, ಲೀಟರಿಗೆ 1.34 ಅಲ್ಲ, ಸುಮಾರು 1.31 ಕಿಲೋ. ತಣ್ಣನೆಯ ಲೆಕ್ಕ ಹಾಕಿದರೆ 500 ಗ್ರಾಂಗೆ 373 ಮಿಲಿಲೀಟರ್. ಅಷ್ಟನ್ನೇ ಬಿಸಿಯಾಗಿ ಅಳೆದು ಸುರಿದರೆ ಭರಣಿಗೆ ಬೀಳುವುದು 489 ಗ್ರಾಂ ಮಾತ್ರ, ಹನ್ನೊಂದು ಗ್ರಾಂ ಖೋತಾ. ತೂಗಿ ತುಂಬಿದರೆ ಈ ತಾಪತ್ರಯವಿಲ್ಲ. ಬಿಸಿಯಲ್ಲಿ 500 ತೂಗಿದ್ದು ತಣಿದ ಮೇಲೂ 500 ತೂಗುತ್ತದೆ. ಆದರೆ ಭರಣಿಯ ಗಾತ್ರವನ್ನು ಬಿಸಿಯ ಲೆಕ್ಕದಲ್ಲೇ ಆರಿಸಬೇಕು: 500ನ್ನು 1.31ರಿಂದ ಭಾಗಿಸಿ 382, ಮೇಲಿನ ಜಾಗ ಸೇರಿಸಿ 400 ಮಿಲಿಲೀಟರಿನ ಭರಣಿ. ಅರ್ಧ ಕಿಲೋ ಜೇನಿಗೆ ಸರಿಹೊಂದುವ 380ರ ಭರಣಿಯಲ್ಲಿ ಅರ್ಧ ಕಿಲೋ ಬಿಸಿ ಪಾಕ ಹಿಡಿಸುವುದಿಲ್ಲ. ಬಿಸಿ ಭರಣಿ ಯಂತ್ರದ ತಟ್ಟೆಗೆ ನೇರವಾಗಿ ತಾಗದಂತೆ ಕೆಳಗೆ ಒಂದು ಮರದ ಹಲಗೆ ಇಟ್ಟು, ಹಲಗೆಯನ್ನೂ ಸೇರಿಸಿ ಟೇರ್ ಒತ್ತಿ. ಬಿಸಿ ತಾಗಿದರೆ ಅಗ್ಗದ ಯಂತ್ರಗಳ ಸೊನ್ನೆ ಮೆಲ್ಲಗೆ ಜಾರುತ್ತದೆ. ಹತ್ತು ಭರಣಿಗೊಮ್ಮೆ ತಟ್ಟೆ ಖಾಲಿ ಮಾಡಿ, ಗೊತ್ತಿರುವ ತೂಕದ ಬಟ್ಟೊಂದನ್ನು ಇಟ್ಟು ನೋಡಿಕೊಳ್ಳುತ್ತೇನೆ.

ಮರುದಿನ ಬೆಳಿಗ್ಗೆ ನೋಡಿದರೆ ಭರಣಿಗಳಲ್ಲಿ ಪಾಕ ಎರಡು ಮಿಲಿಮೀಟರ್ ಕೆಳಗಿಳಿದಿರುತ್ತದೆ. ಮೊದಲ ಸಲ ಹೀಗಾದಾಗ ನಮ್ಮ ಅತ್ತಿಗೆ ‘ರಾತ್ರಿ ಯಾರು ಕುಡಿದದ್ದು?’ ಎಂದು ಮಕ್ಕಳನ್ನು ವಿಚಾರಿಸಿದ್ದರು. ಒಂದು ಭರಣಿಯನ್ನು ಯಂತ್ರದ ಮೇಲಿಟ್ಟು ತೋರಿಸಿದೆ. ತೂಕ ರಾತ್ರಿ ಬರೆದಿಟ್ಟಷ್ಟೇ ಇತ್ತು.